ಪೈಸೆಗೂ ಬಿಡದ ಪುಣ್ಯಾತ್ಮ

ಕಾರ್ಖಾನೆಯಲ್ಲಿ ಸಪ್ಲೈಯರುಗಳ ಬಿಲ್ಲು ಪಾಸು ಮಾಡುವವನಿಗೆ ಬರುವಷ್ಟು ಲಗ್ನಪತ್ರಿಕೆ ಊರ ಪುರೋಹಿತರಿಗೂ ಬರಲಾರದು. ರಬ್ಬರ್ ಮಾರುವವರ ಮಗಳ ಮದುವೆ, ನಟ್ಟು ಬೋಲ್ಟಿನವರ ಗೃಹಪ್ರವೇಶ, ಬಣ್ಣದವರ ಮೊಮ್ಮಗನ ನಾಮಕರಣ, ಎಲ್ಲಕ್ಕೂ ನಾನು ‘ಸಕುಟುಂಬ ಸಪರಿವಾರ’ ಬೇಕಾದವನೇ. ಇದೆಲ್ಲ ನನ್ನ ವ್ಯಕ್ತಿತ್ವದ ಆಕರ್ಷಣೆ ಎಂದು ಬಹಳ ಕಾಲ ನಂಬಿದ್ದೆ. ನಂಬಿಕೆ ಕಳಚಿದ್ದು ನಮ್ಮ ಸಾಹೇಬರು ನನ್ನನ್ನು ಕರೆದು, “ಇನ್ನು ಮೇಲೆ ಬಿಲ್ ತಾಳೆ ನೋಡೋ ಕೆಲಸ ಪೂರ್ತಿ ನಿನ್ನದು. ಎಷ್ಟು ವ್ಯತ್ಯಾಸ ಬಿಡಬೇಕು, ಎಷ್ಟಕ್ಕೆ ತಡೀಬೇಕು, ಎಲ್ಲಾ ನೀನೇ ನಿಗದಿ ಮಾಡು” ಎಂದ ಮೇಲೆ. ಅಲ್ಲಿಂದ ಮುಂದೆ ಬೋಲ್ಟಿನವರ ಮನೆಯಲ್ಲಿ ಒಂದೂ ಶುಭಕಾರ್ಯ ನಡೆದಂತಿಲ್ಲ.

ನಮ್ಮದು ಪೀಣ್ಯದ ಒಂದು ಕಾರ್ಖಾನೆ. ಕರೆಂಟಿನ ಪ್ಯಾನೆಲ್ ಕೂರಿಸುವ ತಗಡಿನ ಪೆಟ್ಟಿಗೆಗಳನ್ನು ಮಾಡುತ್ತೇವೆ. ತಗಡು, ಬಾಗಿಲಿನ ಅಂಚಿಗೆ ಅಂಟಿಸುವ ರಬ್ಬರ್ ಗ್ಯಾಸ್ಕೆಟ್, ಬಣ್ಣದ ಪುಡಿ, ಬೋಲ್ಟು, ಬೀಗ ಎಲ್ಲವೂ ಹೊರಗಿನಿಂದ ಬರುತ್ತವೆ. ಒಂದೊಂದಕ್ಕೂ ಮೂರು ಕಾಗದ. ಮೊದಲನೆಯದು ಪರ್ಚೇಸ್ ಆರ್ಡರ್. ಇಷ್ಟು ಮಾಲು, ಇಂಥ ದರಕ್ಕೆ ಕಳಿಸಿ ಎಂದು ನಮ್ಮ ಪರ್ಚೇಸ್ ಮೇಡಂ ಬರೆಯುವುದು. ಎರಡನೆಯದು ಜಿಆರ್‌ಎನ್. ಗೇಟಿನೊಳಗೆ ನಿಜವಾಗಿ ಎಷ್ಟು ಬಂತು ಎಂದು ಸ್ಟೋರಿನವರು ಬರೆಯುವುದು. ಮೂರನೆಯದು ಬಿಲ್ಲು. ಇಷ್ಟು ಹಣ ಕೊಡಿ ಎಂದು ಸಪ್ಲೈಯರು ಬರೆಯುವುದು. ಬಿಲ್ಲಿನ ದರವನ್ನು ಆರ್ಡರಿನ ದರದ ಎದುರಿಗೂ, ಬಿಲ್ಲಿನ ಪ್ರಮಾಣವನ್ನು ಜಿಆರ್‌ಎನ್‌ನ ಪ್ರಮಾಣದ ಎದುರಿಗೂ ಇಟ್ಟು ನೋಡಬೇಕು. ಸರಿಯಿದ್ದರೆ ಹಣ, ಇಲ್ಲದಿದ್ದರೆ ತಡೆ. ಕಂಪ್ಯೂಟರೇ ನೋಡುತ್ತದೆ. ವ್ಯತ್ಯಾಸ ಎಷ್ಟಿದ್ದರೆ ಸುಮ್ಮನಿರಬೇಕು ಎಂಬ ಟಾಲರೆನ್ಸ್ ಅಂಕೆಯನ್ನು ಮಾತ್ರ ಮನುಷ್ಯ ತುಂಬಬೇಕು. ದುರದೃಷ್ಟಕ್ಕೆ ಆ ಮನುಷ್ಯ ನಾನಾಗಿದ್ದೆ.

ನಾನು ತುಂಬಿದ್ದು ಸೊನ್ನೆ. ದರಕ್ಕೂ ಸೊನ್ನೆ, ಪ್ರಮಾಣಕ್ಕೂ ಸೊನ್ನೆ, ಹೆಚ್ಚಿಗೂ ಸೊನ್ನೆ, ಕಡಿಮೆಗೂ ಸೊನ್ನೆ. ಕಂಪನಿಯ ಒಂದು ಪೈಸೆಯೂ ಅನ್ಯಾಯವಾಗಿ ಹೊರಗೆ ಹೋಗಬಾರದು ಎಂಬ ಹಟ. ಆ ಸಂಜೆ ಮನೆಗೆ ಹೋಗುವಾಗ ಹರಿಶ್ಚಂದ್ರನ ನಂತರ ನಾನೇ ಎಂಬ ಭಾವನೆ ಇತ್ತು.

ಬೆಳಿಗ್ಗೆ ಬಂದು ನೋಡಿದರೆ ಬಂದ ಬಿಲ್ಲುಗಳಲ್ಲಿ ಬಹುಪಾಲು ತಡೆಯ ಪಟ್ಟಿಯಲ್ಲಿದ್ದವು. ಎಲ್ಲಕ್ಕಿಂತ ಮೇಲೆ ಕುಳಿತಿದ್ದದ್ದು ತಗಡಿನ ಸಪ್ಲೈಯರ ಬಿಲ್ಲು. 2 ಮಿಲಿಮೀಟರ್ ದಪ್ಪದ, 1250 ಅಗಲ, 2500 ಉದ್ದದ 100 ಹಾಳೆ. ಕೆಜಿಗೆ 68 ರೂಪಾಯಿ 50 ಪೈಸೆ. ನಮ್ಮ ಜಿಆರ್‌ಎನ್‌ನಲ್ಲಿ 4,906.25 ಕೆಜಿ ಎಂದಿತ್ತು. ಸಪ್ಲೈಯರು ಟನ್ನಿನ ಲೆಕ್ಕದಲ್ಲಿ ಬಿಲ್ಲು ಮಾಡಿ, ಮೂರು ದಶಮಾಂಶಕ್ಕೆ ನಿಲ್ಲಿಸಿ, 4.906 ಟನ್ ಎಂದಿದ್ದರು. ವ್ಯತ್ಯಾಸ ಕಾಲು ಕೆಜಿ. ಹಣದಲ್ಲಿ 17 ರೂಪಾಯಿ 13 ಪೈಸೆ. ಅಷ್ಟಕ್ಕೆ 3 ಲಕ್ಷ 36 ಸಾವಿರದ ಬಿಲ್ಲು ನಿಂತಿತ್ತು.

ನಾನು ಸಪ್ಲೈಯರಿಗೆ ಫೋನು ಮಾಡಿ ಗಂಟಲು ಸರಿಪಡಿಸಿಕೊಂಡು ಕೇಳಿದೆ: “ಏನ್ರೀ ಇದು, ಕಾಲು ಕೆಜಿ ವ್ಯತ್ಯಾಸ?”

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಸಾರ್, ನಾವು ಕಾಲು ಕೆಜಿಗೆ ಕಡಿಮೆ ದುಡ್ಡು ಕೇಳಿದೀವಿ” ಎಂದರು.

ಹೌದು. ಹದಿನೇಳು ರೂಪಾಯಿ ಹೆಚ್ಚು ಕೇಳಿದ್ದಕ್ಕಲ್ಲ, ಕಡಿಮೆ ಕೇಳಿದ್ದಕ್ಕೆ ನಾನು ಅವರ ಮೂರು ಲಕ್ಷ ಹಿಡಿದು ಕುಳಿತಿದ್ದೆ. ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. “ಹೆಚ್ಚೋ ಕಡಿಮೆಯೋ, ಕಾಗದ ಕಾಗದಕ್ಕೆ ಹೊಂದಬೇಕು. ಇನ್ನು ಮುಂದೆ ಕೆಜಿ ಲೆಕ್ಕದಲ್ಲೇ, ಚಲನ್‌ನಲ್ಲಿ ಇದ್ದ ಹಾಗೇ ಬಿಲ್ ಮಾಡಿ” ಎಂದೆ. ಅವರು “ಆಗ್ಲಿ ಸಾರ್, ನೀವು ಹೇಳಿದ ಹಾಗೆ” ಎಂದರು. ಆ ವಿನಯವನ್ನು ನಾನು ಅಂದು ಭಯ ಎಂದು ತಿಳಿದೆ. ಅದು ಏನೆಂದು ಆಮೇಲೆ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಎರಡನೆಯದು ಗ್ಯಾಸ್ಕೆಟ್ ಮಾಡುವವರದು. ಇವರದು ಗಂಡ ಹೆಂಡತಿ ಸೇರಿ ನಡೆಸುವ ಚಿಕ್ಕ ಘಟಕ. ಇಲ್ಲಿ ಕಂಪ್ಯೂಟರು ಒಂದಲ್ಲ, ಎರಡು ಕೆಂಪು ಗುರುತು ಹಾಕಿತ್ತು. ಮಾಲು 980 ಕಡಿಮೆ. ದರ 1,078 ರೂಪಾಯಿ ಹೆಚ್ಚು. ನನಗೆ ಮೈ ಉರಿಯಿತು. ಸಾವಿರ ಕೇಳಿದರೆ ಇಪ್ಪತ್ತು ಕಳಿಸಿ, 22 ರೂಪಾಯಿಯ ಮಾಲಿಗೆ 1,100 ರೂಪಾಯಿ ಹಾಕುವುದೆಂದರೇನು? ಅವರಿಗೆ ಒಂದು ಪತ್ರ ಬರೆದೆ. ‘ತಮ್ಮ ಈ ನಡವಳಿಕೆ’ ಎಂಬ ಮಾತು ಅದರಲ್ಲಿ ಮೇಲಿಂದ ಮೇಲೆ ಬಂದಿತ್ತು. ವಿಚಿತ್ರವೆಂದರೆ ಬಿಲ್ಲಿನ ಒಟ್ಟು ಮೊತ್ತ ಮಾತ್ರ 22,000, ಆರ್ಡರಿನ ಮೊತ್ತದಷ್ಟೇ. ಅದನ್ನೂ ಬಿಡಲಿಲ್ಲ. ‘ಒಟ್ಟು ಮೊತ್ತವನ್ನು ಜಾಣತನದಿಂದ ಸರಿಹೊಂದಿಸಿರುವುದು ಗಮನಕ್ಕೆ ಬಂದಿದೆ’ ಎಂದೂ ಸೇರಿಸಿದೆ.

ಪತ್ರ ಹಿಡಿದುಕೊಂಡು ಆ ಯಜಮಾನರು ತಾವೇ ಬಂದರು. ಬೈಯಲಿಲ್ಲ. ಒಂದು ಗ್ಯಾಸ್ಕೆಟ್ ಸುರುಳಿಯನ್ನು ನನ್ನ ಮೇಜಿನ ಮೇಲಿಟ್ಟು, “ಸಾರ್, ಇದು ಒಂದು ರೋಲು. ಐವತ್ತು ಮೀಟರು ಇರತ್ತೆ. ಇಪ್ಪತ್ತು ರೋಲಿಗೆ ಎಷ್ಟು ಮೀಟರಾಯ್ತು?” ಎಂದು, ಮಗುವಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಕೇಳಿದರು. ನಮ್ಮ ಆರ್ಡರು ಮೀಟರಿನಲ್ಲಿ, ಅವರ ಬಿಲ್ಲು ರೋಲಿನಲ್ಲಿ. ಸಾವಿರ ಮೀಟರಿಗೆ 22ರಂತೆ ಆದರೂ, ಇಪ್ಪತ್ತು ರೋಲಿಗೆ 1,100ರಂತೆ ಆದರೂ ಬರುವುದು ಅದೇ 22,000.

ಈ ಕಸುಬಿನಲ್ಲಿ ಪಳಗಿದವರಿಗೆ ಇದು ನೋಡಿದ ಕೂಡಲೇ ಹೊಳೆಯಬೇಕು. ಪ್ರಮಾಣ ಐವತ್ತರಲ್ಲಿ ಒಂದು ಪಾಲಿಗೆ ಇಳಿದು, ದರ ಸರಿಯಾಗಿ ಐವತ್ತು ಪಟ್ಟು ಏರಿ, ಮೊತ್ತ ಅಲುಗದೆ ನಿಂತರೆ ಅಲ್ಲಿ ಮೋಸವಿಲ್ಲ, ಅಳತೆಯ ಮಾನ ಬೇರೆಯಾಗಿದೆ ಎಂದರ್ಥ. ಮೋಸ ಮಾಡುವವನು ಮೊತ್ತವನ್ನು ಮೊದಲಿದ್ದಷ್ಟೇ ಇಡಲು ಅಷ್ಟು ಕಷ್ಟಪಡುವುದಿಲ್ಲ; ಅವನಿಗೆ ಬೇಕಾಗಿರುವುದೇ ಮೊತ್ತ. ಮಾಡಬೇಕಾದ್ದು ಇಷ್ಟೆ: ಆ ಮಾಲಿನ ಹೆಸರಿನ ಕೆಳಗೆ ‘1 ರೋಲು = 50 ಮೀಟರು’ ಎಂದು ಕಂಪ್ಯೂಟರಿಗೆ ಒಮ್ಮೆ ಹೇಳಿಕೊಡುವುದು. ನಾನು ಅದನ್ನು ಬಿಟ್ಟು ಪತ್ರ ಬರೆದಿದ್ದೆ.

ಅದರ ಬೆಲೆ ಆಡಿಟರು ಹೇಳಿದರು. ಗ್ಯಾಸ್ಕೆಟ್‌ನವರು ನೋಂದಾಯಿತ ಸಣ್ಣ ಉದ್ದಿಮೆಯವರು. 2006ರ ಕಾಯಿದೆಯ ಪ್ರಕಾರ ಅಂಥವರಿಗೆ ಏನೇ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಅಸಲಿಗೆ ಸೇರುವ ಚಕ್ರಬಡ್ಡಿ. ಪೈಸೆ ಉಳಿಸಲು ಹೊರಟವನು ಕಂಪನಿಯನ್ನು ಚಕ್ರಬಡ್ಡಿಯ ಬಾಗಿಲಿಗೆ ತಂದು ನಿಲ್ಲಿಸಿದ್ದೆ. ಅತ್ತ ಹಣ ಬಾರದೆ ಅವರು ಮಾಲು ನಿಲ್ಲಿಸಿದ್ದರಿಂದ ಗ್ಯಾಸ್ಕೆಟ್ ಇಲ್ಲದೆ ಪೆಟ್ಟಿಗೆಗಳು ಬಾಗಿಲು ತೆರೆದುಕೊಂಡು ಸಾಲಾಗಿ ನಿಂತಿದ್ದವು. ಪರ್ಚೇಸ್ ಮೇಡಂ ಎದುರಿಗೆ ಸಿಕ್ಕಾಗ, “ನಿಮ್ಮ ಸೊನ್ನೆಗೆ ನಮಸ್ಕಾರ” ಎಂದು ಕೈ ಮುಗಿದು ಹೋದರು.

ಸಾಹೇಬರ ಕೋಣೆಯಲ್ಲಿ ಮಂಗಳಾರತಿ ಆದ ಮೇಲೆ ಟಾಲರೆನ್ಸ್ ಸರಿಪಡಿಸಲು ಕುಳಿತೆ. ಶೇಕಡಾವಾರು ಮಿತಿಯೊಂದನ್ನೇ ಇಟ್ಟರೆ ದೊಡ್ಡ ಬಿಲ್ಲಿನಲ್ಲಿ ದುಡ್ಡು ಸೋರುತ್ತದೆ: ಆ ತಗಡಿನ ಬಿಲ್ಲಿಗೆ ಶೇಕಡಾ 2 ಎಂದರೆ 6,700 ರೂಪಾಯಿ. ಚಿಕ್ಕ ಬಿಲ್ಲಿನಲ್ಲಿ ಅದೇ ಉಸಿರು ಕಟ್ಟಿಸುತ್ತದೆ: 500 ರೂಪಾಯಿಯ ಪೊರಕೆಯ ಬಿಲ್ಲು ಹತ್ತು ರೂಪಾಯಿ ದಾಟಿದರೆ ನಿಲ್ಲುತ್ತದೆ. ರೂಪಾಯಿಯ ಮಿತಿಯೊಂದನ್ನೇ 1,000 ಎಂದಿಟ್ಟರೆ ಪೊರಕೆಯವನು ಒಂದು ಪೊರಕೆಯನ್ನೂ ಕೊಡದೆ ಪೂರ್ತಿ ಹಣ ತೆಗೆದುಕೊಂಡು ಹೋಗಬಹುದು. ಆದ್ದರಿಂದ ಎರಡನ್ನೂ ಇಟ್ಟೆ: ಶೇಕಡಾ 2 ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಅದರ ಜೊತೆಗೆ, ಒಟ್ಟು ವ್ಯತ್ಯಾಸ 50 ರೂಪಾಯಿಯೊಳಗಿದ್ದರೆ ಕಣ್ಣೆತ್ತಿಯೂ ನೋಡಬಾರದು. ಸಾಹೇಬರು ಮೆಚ್ಚಿದರು. ಈ ನಿಯಮವನ್ನು ಕಾಗದದ ಮೇಲೆ ಬರೆಸಿ, ನನ್ನಿಂದಲೇ ಸಹಿ ಹಾಕಿಸಿ, ಎಲ್ಲ ವಿಭಾಗಗಳಿಗೂ ಕಳಿಸಿದರು.

ತಡೆಯ ಪಟ್ಟಿ ಚಿಕ್ಕದಾಯಿತು. ಎಲ್ಲರಿಗಿಂತ ಚಿನ್ನದಂಥ ಬಿಲ್ಲು ತಗಡಿನವರದು. ನನ್ನ ಗದರಿಕೆಯ ನಂತರ ಅವರ ಬಿಲ್ಲು ಪ್ರತಿಸಲವೂ 4,906.25, ನಮ್ಮ ಜಿಆರ್‌ಎನ್‌ ಕೂಡ 4,906.25. ಗ್ರಾಮಿಗೂ ವ್ಯತ್ಯಾಸವಿಲ್ಲ. ಬೇರೆ ಸಪ್ಲೈಯರು ಬಂದಾಗ ಆ ಬಿಲ್ಲನ್ನು ತೋರಿಸಿ, “ನೋಡಿ ಕಲೀರಿ” ಎನ್ನುತ್ತಿದ್ದೆ.

ಒಂದು ದಿನ ಫ್ಯಾಬ್ರಿಕೇಷನ್ ಮೇಸ್ತ್ರಿ ಬಂದ. “ಸಾರ್, ಪೆಟ್ಟಿಗೆ ತೂಕ, ಉಳಿದ ಚೂರಿನ ತೂಕ ಎರಡೂ ಸೇರಿದ್ರೆ ಹಾಳೆ ತೂಕ ಬರ್ಬೇಕು ತಾನೆ? ನೂರು ಕೆಜಿಗೆ ಮೂರು ಕೆಜಿ ಎಲ್ಲೋ ಹೋಗ್ತಿದೆ.”

“ಚೂರು ಕದೀತಿರಬೇಕು ಯಾರೋ” ಎಂದೆ.

ಅವನು ಮಾತಾಡಲಿಲ್ಲ. ಜೇಬಿನಿಂದ ಮೈಕ್ರೋಮೀಟರು ತೆಗೆದು ತಗಡಿನ ತುಂಡೊಂದನ್ನು ಹಿಡಿದು ನನಗೆ ತೋರಿಸಿದ. 2.00 ಇರಬೇಕಾದಲ್ಲಿ 1.94 ಇತ್ತು.

ಇದು ಮೋಸವೇನಲ್ಲ. ಕಾರ್ಖಾನೆಯಲ್ಲಿ ಉರುಳಿಸಿದ ತಗಡಿನ ದಪ್ಪ ಒಂದಿಷ್ಟು ಹೆಚ್ಚು ಕಡಿಮೆ ಬರುವುದನ್ನು ಮಾನದಂಡಗಳೇ ಒಪ್ಪುತ್ತವೆ. ಆದರೆ ನನ್ನ ತಲೆಗೆ ಹೊಡೆದದ್ದು ಬೇರೆ ಸಂಗತಿ. ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ನಮ್ಮ ಹಾಳೆಯ ವಿಸ್ತಾರ 3.125 ಚದರ ಮೀಟರು. 2 ಮಿಲಿಮೀಟರಿಗೆ ಗುಣಿಸಿದರೆ 49.0625 ಕೆಜಿ. ನೂರು ಹಾಳೆಗೆ ಸರಿಯಾಗಿ 4,906.25. ನಾನು ‘ನೋಡಿ ಕಲೀರಿ’ ಎಂದು ತೋರಿಸುತ್ತಿದ್ದ ಆ ಪವಿತ್ರ ಅಂಕೆಯನ್ನು ಯಾವ ತಕ್ಕಡಿಯೂ ತೂಗಿರಲಿಲ್ಲ. ಅದು ಕ್ಯಾಲ್ಕುಲೇಟರಿನಿಂದ ಹುಟ್ಟಿದ ತೂಕ.

ಓಡಿ ಸ್ಟೋರಿಗೆ ಹೋದೆ. “ಅಣ್ಣಾ, ತಗಡಿನ ಜಿಆರ್‌ಎನ್‌ಗೆ ತೂಕ ಎಲ್ಲಿಂದ ಬರೀತೀರಿ?”

“ಹಾಳೆ ಎಣಿಸ್ತೀನಿ ಸಾರ್. ನೂರು ಇದ್ರೆ ಚಲನ್‌ನಲ್ಲಿರೋ ಕೆಜಿ ಬರ್ಕೋತೀನಿ. ನೀವೇ ಅಲ್ವಾ ಕಾಗದ ಕಾಗದಕ್ಕೆ ಹೊಂದಬೇಕು ಅಂದಿದ್ದು?”

ಆಗ ಅರ್ಥವಾಯಿತು. ಮೂರು ಕಾಗದಗಳ ಈ ಏರ್ಪಾಡು ನಿಂತಿರುವುದೇ ಮೂವರು ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ಇಳಿಸಿಕೊಳ್ಳದೆ ಬರೆಯುತ್ತಾರೆ ಎಂಬುದರ ಮೇಲೆ. ಸ್ಟೋರಿನವರು ಸಪ್ಲೈಯರ ಚಲನ್ ನೋಡಿ ಬರೆದರೆ ಜಿಆರ್‌ಎನ್ ಎಂಬುದು ಬಿಲ್ಲಿನ ಇನ್ನೊಂದು ಪ್ರತಿ ಅಷ್ಟೆ. ಸಪ್ಲೈಯರ ಮಾತಿಗೆ ಸಪ್ಲೈಯರೇ ಸಾಕ್ಷಿ. ಕಂಪ್ಯೂಟರು ಪಾಪ, ಎರಡೂ ಒಂದೇ ಇದೆ ಎಂದು ಹಸಿರು ಗುರುತು ಹಾಕುತ್ತದೆ. ನಮ್ಮ ಪಕ್ಕದ ವೇಬ್ರಿಡ್ಜು ತೋರಿಸುವುದು ಹತ್ತು ಹತ್ತು ಕೆಜಿಯ ಹೆಜ್ಜೆಯಲ್ಲಿ. 4,900 ಬರಬಹುದು, 4,910 ಬರಬಹುದು, 4,906.25 ಅದರ ಬಾಯಲ್ಲಿ ಹೊರಡುವುದು ಸಾಧ್ಯವೇ ಇಲ್ಲ. ಆ ‘.25’ ನನ್ನ ಕಣ್ಣೆದುರಿಗೇ ಇತ್ತು. ಅದರ ಬಗ್ಗೆಯೇ ನಾನು ಫೋನಿನಲ್ಲಿ ಜಗಳವಾಡಿದ್ದೆ. ಕಾಲು ಕೆಜಿ ಎಲ್ಲಿ ಹೋಯಿತು ಎಂದು ಕೇಳಿದವನು ಆ ಕಾಲು ಕೆಜಿ ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ. ಸಪ್ಲೈಯರ ವಿನಯದ ಗುಟ್ಟು ಈಗ ತಿಳಿಯಿತು.

ಮುಂದಿನ ಲಾರಿ ಬಂದಾಗ ಯಾರನ್ನೂ ನಂಬದೆ ನಾನೇ ಕ್ಯಾಬಿನ್ ಹತ್ತಿ ವೇಬ್ರಿಡ್ಜಿಗೆ ಹೋದೆ. ಡ್ರೈವರ್ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಕ್ಲೀನರ್. ತುಂಬಿದ ತೂಕ 8,960. ಚೀಟಿಯನ್ನು ಜೇಬಿಗೆ ಭದ್ರವಾಗಿ ಇಟ್ಟುಕೊಂಡೆ. ಕಾರ್ಖಾನೆಗೆ ಬಂದು ಮಾಲು ಇಳಿಸಿ, ಮತ್ತೆ ಅದೇ ಲಾರಿಯಲ್ಲಿ ಖಾಲಿ ತೂಕಕ್ಕೆ ಹೋದೆವು. ಅಲ್ಲಿ ಮುಂದೆ ಲಾರಿಗಳ ಸಾಲು. ಎದುರಿಗೆ ಬೋಂಡ ಕರಿಯುತ್ತಿದ್ದರು. ಸರದಿ ಬರುವ ತನಕ ಎಂದು ಇಳಿದು ಹೋದೆ. ಬೋಂಡ ಬಿಸಿಯಿತ್ತು, ಚಟ್ನಿ ಚೆನ್ನಾಗಿತ್ತು. ಕ್ಲೀನರ್ ಹುಡುಗ ಚೀಟಿಯನ್ನು ಅಲ್ಲಿಗೇ ತಂದುಕೊಟ್ಟ: ಖಾಲಿ ಲಾರಿ 4,120. ಕಳೆದರೆ ತಗಡು 4,840 ಕೆಜಿ.

ಬಿಲ್ಲಿಗಿಂತ 66.25 ಕೆಜಿ ಕಡಿಮೆ! ಹಣದಲ್ಲಿ 4,538 ರೂಪಾಯಿ. ಆ ಮೊತ್ತ ಹಿಡಿದುಕೊಳ್ಳುತ್ತೇವೆಂದು ಅಲ್ಲೇ ಸಪ್ಲೈಯರಿಗೆ ಫೋನು ಮಾಡಿದೆ. ಗಲಾಟೆ ಮಾಡುತ್ತಾರೆಂದು ಕಾದೆ. ಅವರು, “ನೀವು ಹೇಳಿದ ಮೇಲೆ ಮುಗೀತು ಸಾರ್, ಡೆಬಿಟ್ ನೋಟ್ ಕಳಿಸಿ” ಎಂದುಬಿಟ್ಟರು. ಇಷ್ಟು ಬೇಗ ಒಪ್ಪಿದರಲ್ಲ ಎಂದು ಹೆಮ್ಮೆಯಾಯಿತು. ಕೊಟ್ಟವನು ತಕರಾರಿಲ್ಲದೆ ಒಪ್ಪಿದರೆ ಕೇಳಿದ್ದು ಕಡಿಮೆಯಾಯಿತು ಎಂದರ್ಥ ಎಂದು ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರಿಗೂ ಗೊತ್ತು.

ಸ್ಟೋರಿನ ಅಣ್ಣ ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. “ಮೇಸ್ತ್ರಿ ಅಳೆದ ದಪ್ಪದ ಲೆಕ್ಕ ಹಿಡಿದ್ರೆ ನೂರು ಹಾಳೆಗೆ 4,760ರ ಹತ್ರ ಬರ್ಬೇಕಲ್ಲ ಸಾರ್. ನಿಮ್ಮದು ಎಂಬತ್ತು ಕೆಜಿ ಜಾಸ್ತಿ ತೋರಿಸ್ತಿದೆ.” ಆಮೇಲೆ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬಹಳ ಮೆಲ್ಲಗೆ ಕೇಳಿದರು: “ಖಾಲಿ ಲಾರಿ ತೂಗೋವಾಗ ನೀವೆಲ್ಲಿದ್ರಿ ಸಾರ್?”

ಬೋಂಡ ತಿನ್ನುತ್ತಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ತುಂಬಿದ ಲಾರಿಯ ಜೊತೆ ತೂಗಿಸಿಕೊಂಡು, ಖಾಲಿ ಲಾರಿಯಿಂದ ಇಳಿದುಹೋಗಿದ್ದೆ. ಅಂದರೆ ಆ ದಿನದ ಮಾಲಿನಲ್ಲಿ ನಾನೂ ಸೇರಿದ್ದೆ. ಸಪ್ಲೈಯರು ನನ್ನನ್ನು ನನ್ನದೇ ಕಂಪನಿಗೆ ಕೆಜಿಗೆ 68 ರೂಪಾಯಿ 50 ಪೈಸೆಯಂತೆ ಮಾರಿದ್ದರು; ಖರೀದಿಗೆ ಒಪ್ಪಿಗೆ ಕೊಟ್ಟವನೂ ನಾನೇ. ಎಂಬತ್ತು ಕೆಜಿಗೆ 5,480 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 986 ರೂಪಾಯಿ 40 ಪೈಸೆ. ಒಟ್ಟು 6,466 ರೂಪಾಯಿ 40 ಪೈಸೆ. ಮನೆಯಲ್ಲಿ ಈ ಲೆಕ್ಕ ಹೇಳಿದಾಗ ನನ್ನವಳು, “ಅಷ್ಟು ಕೊಟ್ರಾ?” ಎಂದಳು.

ಡೆಬಿಟ್ ನೋಟನ್ನು ತಿದ್ದಬೇಕಾಯಿತು. 4,840ರ ಬದಲು 4,760, ಕೊರತೆ 146.25 ಕೆಜಿ, ಹಣ 10,018 ರೂಪಾಯಿ. ಈ ಸಲ ಸಪ್ಲೈಯರು ಮೊದಲ ಬಾರಿಗೆ ದನಿ ಏರಿಸಿದರು. ಅವರ ವಾದವೂ ಪೂರ್ತಿ ಸುಳ್ಳಲ್ಲ: “ನಿಮ್ಮ ಆರ್ಡರಿನಲ್ಲಿ ಕೆಜಿ ಅಂತಿದೆ. ತೂಗಿದ ಕೆಜಿನಾ, ಲೆಕ್ಕದ ಕೆಜಿನಾ ಅಂತ ಎಲ್ಲಿದೆ ಸಾರ್?” ತಗಡಿನ ವ್ಯಾಪಾರದಲ್ಲಿ ಎರಡೂ ರೂಢಿ ಇವೆ. ಅಳತೆಯಿಂದ ಲೆಕ್ಕ ಹಾಕಿದ ತೂಕಕ್ಕೂ ಬಿಲ್ಲು ಮಾಡುತ್ತಾರೆ, ವೇಬ್ರಿಡ್ಜಿನ ತೂಕಕ್ಕೂ ಮಾಡುತ್ತಾರೆ. ಆರ್ಡರು ಬಾಯಿ ಬಿಡದಿದ್ದರೆ ಬಿಲ್ಲು ಬರೆಯುವವನು ತನಗೆ ಲಾಭವಾದದ್ದನ್ನು ಹಿಡಿಯುತ್ತಾನೆ. ಪರ್ಚೇಸ್ ಮೇಡಂ ಹಗ್ಗಜಗ್ಗಾಟ ನಡೆಸಿ ಆ ಒಂದು ಲಾರಿಯ ಅರ್ಧ ಮೊತ್ತ ವಾಪಸು ತಂದರು. ಹಿಂದಿನ ಲಾರಿಗಳದು ಗಂಗೆಯ ಪಾಲು.

ಈಗ ಆರ್ಡರಿನಲ್ಲೇ ‘ವೇಬ್ರಿಡ್ಜ್ ತೂಕದ ಮೇಲೆ’ ಎಂದು ಅಚ್ಚಾಗುತ್ತದೆ. ಸ್ಟೋರಿನ ಪರದೆಯಲ್ಲಿ ಆರ್ಡರಿನ ಪ್ರಮಾಣ ಕಾಣುವುದಿಲ್ಲ; ಚಲನ್ನನ್ನು ಗೇಟಿನಲ್ಲೇ ಇಟ್ಟುಕೊಂಡು, ಎಣಿಕೆ ತೂಕ ಬರೆದ ಮೇಲೆ ಕೊಡುತ್ತಾರೆ. ಲಾರಿ ಎರಡು ಸಲ ತೂಗುವಾಗಲೂ ಒಳಗೆ ಯಾರು ಯಾರಿದ್ದರು ಎಂದು ಚೀಟಿಯ ಹಿಂದೆ ಬರೆಯಬೇಕು. ಈ ಕೊನೆಯ ನಿಯಮ ಯಾಕೆ ಬಂತೆಂದು ಹೊಸಬರು ಕೇಳಿದರೆ ಅಣ್ಣ ನನ್ನ ಕಡೆ ನೋಡಿ ಕೆಮ್ಮುತ್ತಾರೆ.

ಇದರಿಂದಾದ ಒಂದು ಎಡವಟ್ಟೆಂದರೆ ತಡೆಯ ಪಟ್ಟಿ ಮತ್ತೆ ಉದ್ದವಾಯಿತು. ನಿಜವಾಗಿ ತೂಗಿದರೆ, ನಿಜವಾಗಿ ಎಣಿಸಿದರೆ ವ್ಯತ್ಯಾಸ ಬಂದೇ ಬರುತ್ತದೆ. ವರ್ಷದ ಕೊನೆಗೆ ಸಾಹೇಬರು ವರದಿ ಹಿಡಿದು ಕೇಳಿದರು: “ನಿನಗೆ ಈ ಕೆಲಸ ಕೊಡೋ ಮುಂಚೆ ಹೆಚ್ಚುಕಡಿಮೆ ಎಲ್ಲಾ ಬಿಲ್ಲೂ ತಾಳೆ ಆಗ್ತಿತ್ತಲ್ಲಯ್ಯ?”

“ಆಗ ತಾಳೆ ಆಗ್ತಿರಲಿಲ್ಲ ಸಾರ್, ನಕಲಾಗ್ತಿತ್ತು” ಎಂದೆ.

ಅವರಿಗೆ ಹಿಡಿಸಿರಬೇಕು. ಬೆನ್ನು ತಟ್ಟಿ, ಬಾಯಲ್ಲೇ ಒಂದು ಇನ್‌ಕ್ರಿಮೆಂಟಿನ ಮೊತ್ತ ಹೇಳಿದರು. ಆಮೇಲೆ ಬಂದ ಪತ್ರದಲ್ಲಿ ಇನ್ನೊಂದು ಮೊತ್ತವಿತ್ತು. ತಿಂಗಳ ಕೊನೆಗೆ ಬ್ಯಾಂಕಿಗೆ ಬಂದದ್ದು ಮೂರನೆಯದು. ಹೇಳಿದ್ದು, ಬರೆದದ್ದು, ಬಂದದ್ದು ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ವ್ಯತ್ಯಾಸಕ್ಕೆ ಕೆಂಪು ಗುರುತು ಹಾಕಿ ಸಂಬಳದ ವಿಭಾಗಕ್ಕೆ ಒಯ್ದೆ. ಅಲ್ಲಿದ್ದ ಹುಡುಗಿ ಕ್ಯಾಲ್ಕುಲೇಟರ್ ಒತ್ತಿ ನೋಡಿ, ಡ್ರಾಯರಿನಿಂದ ಒಂದು ಕಾಗದ ತೆಗೆದು ಮುಂದಿಟ್ಟಳು. ಕೆಳಗೆ ನನ್ನದೇ ಸಹಿ.

“ಶೇಕಡಾ ಎರಡರ ಒಳಗೇ ಇದೆ ಸಾರ್, ಸಾವಿರ ರೂಪಾಯಿಗೂ ಕಮ್ಮಿ. ಪಾಸ್.”